ಪ್ಯಾಕಿಂಗ್ ಟೇಪ್ ಅಂಟಿಸಿದರೂ ಪಿಪಿ ಉಂಗುರ ಬೆಡ್ ಬಿಟ್ಟು ಏಳುತ್ತಿದೆ

ಪಾಂಡವಪುರ ಶಿವು · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಔಷಧಿ ಹೊಡೆಯುವ ಸ್ಪ್ರೇಯರ್‌ಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೆಯ ಮಾದರಿಯ ಬೆನ್ನಿನ ಸ್ಪ್ರೇಯರ್ ಒಂದಕ್ಕೆ ಟ್ಯಾಂಕಿನ ಬಾಯಲ್ಲಿ ಜಾಲರಿ ಕೂರುವ ಉಂಗುರ ಈಗ ಎಲ್ಲಿಯೂ ಸಿಗುತ್ತಿಲ್ಲ. ಹೊರ ಅಳತೆ 92 ಮಿಲಿಮೀಟರ್, ಒಳ ಅಳತೆ 80, ಎತ್ತರ 12. 3ಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್ಕಿನಿಂದ ಮಾಡಿಕೊಟ್ಟದ್ದು ಗದ್ದೆಯ ಬದುವಿನ ಮೇಲೆ ಒಂದು ಮಧ್ಯಾಹ್ನ ಬಿಸಿಲಿಗೆ ಬಿದ್ದು ಹಪ್ಪಳದಂತೆ ಸೊಟ್ಟಗಾಯಿತು. ಟ್ಯಾಂಕಿಗೆ ಬಳಸುವ ಜಾತಿಯ ಪ್ಲಾಸ್ಟಿಕ್ಕೇ ಆಗಲಿ ಎಂದು ಪಾಲಿಪ್ರೊಪಿಲೀನ್, ಅಂದರೆ ಪಿಪಿ ಫಿಲಮೆಂಟ್ ತರಿಸಿದೆ.

ಪಿಪಿ ಬೇರೆ ಯಾವುದಕ್ಕೂ ಅಂಟುವುದಿಲ್ಲ, ಪ್ಯಾಕಿಂಗ್ ಟೇಪಿಗೆ ಮಾತ್ರ ಅಂಟುತ್ತದೆ ಎಂದು ಓದಿದ್ದೆ. ಗಾಜಿನ ಬೆಡ್ ಮೇಲೆ ಎರಡಿಂಚಿನ ಕಂದು ಟೇಪನ್ನು ಪಟ್ಟಿ ಪಟ್ಟಿಯಾಗಿ ಅಂಟಿಸಿದೆ. ನಾಜಲ್ 230 ಡಿಗ್ರಿ, ಬೆಡ್ 80, ಮೊದಲ ಪದರ ಸೆಕೆಂಡಿಗೆ 30 ಮಿಲಿಮೀಟರ್, ಬ್ರಿಮ್ 5 ಮಿಲಿಮೀಟರ್. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಅದೇ ಕಥೆ. ಮೊದಲು ಚೆನ್ನಾಗಿಯೇ ಕೂರುತ್ತದೆ. ಮೂರು ಮಿಲಿಮೀಟರ್ ಎತ್ತರ ಬರುವಷ್ಟರಲ್ಲಿ ಒಂದು ಬದಿ ಮೆಲ್ಲಗೆ ಮೇಲೇಳುತ್ತದೆ, ನಾಜಲ್ ಅದಕ್ಕೆ ಬಡಿದು ಉಂಗುರವನ್ನೇ ಎಳೆದುಕೊಂಡು ಹೋಗುತ್ತದೆ. ಫಿಲಮೆಂಟ್ ಅಗ್ಗದ್ದೇನಲ್ಲ. ಎಲ್ಲಿ ಎಡವುತ್ತಿದ್ದೇನೆ?

ಮದ್ದೂರು ವಡೆ · ಭಾನುವಾರ, ರಾತ್ರಿ 10:15

ಶಿವು, ಪ್ಯಾಕಿಂಗ್ ಟೇಪ್ ಏಕೆ ಬೇಕು? ಬಣ್ಣ ಬಳಿಯುವವರು ಬಳಸುವ ನೀಲಿ ಮಾಸ್ಕಿಂಗ್ ಟೇಪ್ ಹಾಕಿ, ಅದರ ಮೇಲೆ ಮಕ್ಕಳ ಗೋಂದಿನ ಕಡ್ಡಿ ಸವರಿ. ನಾನು ಎರಡು ವರ್ಷದಿಂದ ಗಣಪತಿ, ಕೀಲಿಗೊಂಚಲು, ಫೋನ್ ಸ್ಟ್ಯಾಂಡ್ ಎಲ್ಲವನ್ನೂ ಹೀಗೆಯೇ ಮಾಡುತ್ತಿದ್ದೇನೆ. ಒಂದೂ ಎದ್ದಿಲ್ಲ.

ಪಾಂಡವಪುರ ಶಿವು · ಭಾನುವಾರ, ರಾತ್ರಿ 10:31

ಅಣ್ಣ, ನೀವು ಮಾಡುವುದು ಪಿಎಲ್‌ಎಯಲ್ಲಿ ಅಲ್ಲವೇ? ಅದು ನನ್ನ ಬೆಡ್ ಮೇಲೂ ಹಲ್ಲಿಯಂತೆ ಕಚ್ಚಿಕೊಳ್ಳುತ್ತದೆ. ತೊಂದರೆ ಇರುವುದು ಪಿಪಿಯಲ್ಲಿ. ನೀಲಿ ಟೇಪಿನ ಮೇಲೂ ಒಮ್ಮೆ ಹಾಕಿ ನೋಡಿದೆ. ಮೊದಲ ಸಾಲೇ ನಾಜಲ್ ಹಿಂದೆ ದಾರದಂತೆ ಎಳೆದುಕೊಂಡು ಹೋಯಿತು.

ಸರಸ್ವತಿಪುರಂ ಸುಮಾ · ಸೋಮವಾರ, ಬೆಳಿಗ್ಗೆ 7:05

ಶಿವು ಅವರೇ, ಎದ್ದ ತುಂಡುಗಳನ್ನು ಎಸೆದಿಲ್ಲ ತಾನೆ? ಒಂದನ್ನು ತಿರುಗಿಸಿ ತಳ ನೋಡಿ ಹೇಳಿ. ತಳಕ್ಕೆ ಕಂದು ಟೇಪು ಅಂಟಿಕೊಂಡೇ ಬಂದಿದೆಯೋ, ಅಥವಾ ಟೇಪು ಗಾಜಿನ ಮೇಲೆಯೇ ಉಳಿದು ಉಂಗುರ ಮಾತ್ರ ಬಿಟ್ಟುಬಂದಿದೆಯೋ?

ಇದು ಗೊತ್ತಾಗದೆ ಯಾವ ಅಂಕಿಯನ್ನೂ ಬದಲಿಸಬೇಡಿ. ಇಲ್ಲಿ ಇರುವುದು ಒಂದು ಅಂಟಲ್ಲ, ಎರಡು. ಗಾಜಿಗೂ ಟೇಪಿಗೂ ನಡುವೆ ಇರುವುದು ಗೋಂದು. ಟೇಪಿಗೂ ಉಂಗುರಕ್ಕೂ ನಡುವೆ ಆಗುವುದು ಬೆಸುಗೆ, ಏಕೆಂದರೆ ಪ್ಯಾಕಿಂಗ್ ಟೇಪಿನ ಹಾಳೆಯೂ ಪಿಪಿಯೇ. ಕರಗಿದ ಪಿಪಿ ಪಿಪಿಯ ಮೇಲೆ ಬಿದ್ದು ಒಂದಾಗುತ್ತದೆ. ಗೋಂದು ಸೋತರೆ ಮಾಡಬೇಕಾದದ್ದು ಒಂದು, ಬೆಸುಗೆ ಸೋತರೆ ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಯಾವುದು ಸೋತಿತು ಎಂದು ನೋಡದೆ ಬಿಸಿ ಏರಿಸಿ ಇಳಿಸಿ ಆಡುವವರು ತಿಂಗಳುಗಟ್ಟಲೆ ಆಡುತ್ತಲೇ ಇರುತ್ತಾರೆ. ನಾನೂ ಆಡಿದ್ದೇನೆ.

ಹೆಬ್ಬಾಳ ಮೋಲ್ಡರ್ · ಸೋಮವಾರ, ಬೆಳಿಗ್ಗೆ 9:20

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹದಿನಾರು ವರ್ಷದಿಂದ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ ನಡೆಸುತ್ತಿದ್ದೇನೆ. ಪಿಪಿ ನನಗೆ ದಿನನಿತ್ಯದ ಅನ್ನ. ಅದರ ಗುಣ ಇಷ್ಟೇ: ಆರುವಾಗ ಒಳಗೆ ಹರಳುಗಟ್ಟುತ್ತದೆ, ಹರಳುಗಟ್ಟಿದಾಗ ಕುಗ್ಗುತ್ತದೆ. ಎಬಿಎಸ್ ನೂರಕ್ಕೆ ಅರ್ಧದಷ್ಟು ಕುಗ್ಗಿದರೆ ಪಿಪಿ ಒಂದರಿಂದ ಎರಡೂವರೆಯಷ್ಟು ಕುಗ್ಗುತ್ತದೆ. ಮೇಲಿನ ಪದರ ಕುಗ್ಗಿ ಎಳೆಯುತ್ತದೆ, ಕೆಳಗಿನದು ಆಗಲೇ ಗಟ್ಟಿಯಾಗಿರುತ್ತದೆ, ಆದ್ದರಿಂದ ಅಂಚು ಮೇಲಕ್ಕೆ ಬಾಗುತ್ತದೆ. ತಳವನ್ನು ಬಿಸಿಯಾಗಿಯೇ ಇಟ್ಟರೆ ಎಳೆತ ಕಡಿಮೆ. ಬೆಡ್ಡನ್ನು 100ಕ್ಕೆ ಏರಿಸಿ, ಸುತ್ತ ರಟ್ಟಿನ ಪೆಟ್ಟಿಗೆ ಮುಚ್ಚಿ. ಸರಿಹೋಗುತ್ತದೆ.

ಪಾಂಡವಪುರ ಶಿವು · ಸೋಮವಾರ, ರಾತ್ರಿ 8:50

ಸುಮಾ ಮೇಡಂ ಕೇಳಿದ್ದಕ್ಕೆ ಮೊದಲು ಉತ್ತರ: ನಾಲ್ಕು ತುಂಡುಗಳ ತಳದಲ್ಲಿಯೂ ಟೇಪು ಇದೆ. ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಅಂದರೆ ಟೇಪು ಗಾಜನ್ನು ಬಿಟ್ಟಿದೆ.

ಮೋಲ್ಡರ್ ಸರ್ ಹೇಳಿದಂತೆಯೂ ಮಾಡಿದೆ. ಬೆಡ್ 100, ಮೇಲೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ. ಈ ಸಲ ಮೂರು ಮಿಲಿಮೀಟರ್ ತನಕವೂ ಹೋಗಲಿಲ್ಲ. ಒಂದೂವರೆ ಮಿಲಿಮೀಟರಿನಲ್ಲಿಯೇ ಟೇಪಿನ ಪಟ್ಟಿ ಗಾಜಿನ ಮೇಲೆ ಒಳಮುಖವಾಗಿ ಜಾರಿಕೊಂಡು ಬಂತು. ಎರಡು ಪಟ್ಟಿಗಳ ನಡುವೆ ಕಡ್ಡಿಯಷ್ಟು ಅಂತರ ಬಿಟ್ಟಿತ್ತು. ಕೈಯಿಂದ ಎತ್ತಿದಾಗ ಗೋಂದು ಹಲಸಿನ ಮೇಣದಂತೆ ಎಳೆ ಎಳೆಯಾಗಿ ಬಂತು.

ಸರಸ್ವತಿಪುರಂ ಸುಮಾ · ಸೋಮವಾರ, ರಾತ್ರಿ 9:30

ಎಳೆ ಎಳೆಯಾಗಿ ಬಂತು ಎಂದಿರಲ್ಲ, ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮೋಲ್ಡರ್ ಅವರು ಹೇಳಿದ ಕುಗ್ಗುವಿಕೆಯ ಮಾತು ಪೂರ್ತಿ ನಿಜ. ಬಿಸಿ ಬೆಡ್ ಎಳೆತವನ್ನು ತಗ್ಗಿಸುತ್ತದೆ ಎಂಬುದೂ ನಿಜ. ಆದರೆ ಅವರ ಅಚ್ಚಿನಲ್ಲಿ ಸುತ್ತಲೂ ಉಕ್ಕಿನ ಗೋಡೆ ಇದೆ, ಇಲ್ಲಿ ಹಿಡಿದಿರುವುದು ರಟ್ಟಿನ ಪೆಟ್ಟಿಗೆ ಮುಚ್ಚಲೆಂದು ಮಾಡಿದ ಗೋಂದು. ಅದು ಕಾದಷ್ಟೂ ಮೆತ್ತಗಾಗುತ್ತದೆ. ಥಟ್ಟನೆ ಎಳೆದರೆ ತಡೆಯುತ್ತದೆ, ಒಂದು ಗಂಟೆ ಮೆಲ್ಲಗೆ ಎಳೆಯುತ್ತಲೇ ಇದ್ದರೆ ಹರಿದುಕೊಂಡು ಹೋಗುತ್ತದೆ. ಪಿಪಿ ಎಳೆಯುವುದು ಹಾಗೆಯೇ, ಮೆಲ್ಲಗೆ, ಬಿಡದೆ. ನನ್ನ ಕೈಗೆ ಬಂದ ಟೇಪುಗಳಲ್ಲಿ 60 ಡಿಗ್ರಿ ಚೆನ್ನಾಗಿ ನಡೆದಿದೆ, 70 ದಾಟಿದ ಮೇಲೆ ಯಾವುದೂ ನಂಬಿಕೆಗೆ ಬರಲಿಲ್ಲ. ಪಿಪಿಗೆಂದೇ ಮಾಡಿದ ಅಂಟು ಅಥವಾ ಪಿಪಿ ಹಾಳೆಯ ಬೆಡ್ ಇದ್ದವರಿಗೆ 100 ಸರಿಯಾಗಿಯೇ ಇರಬಹುದು. ಟೇಪಿನವರಿಗೆ ಅಲ್ಲ.

ಆದರೂ 80ರಲ್ಲಿ ಬರೀ ಮೂರು ಮಿಲಿಮೀಟರಿಗೆ ಬಿಟ್ಟದ್ದು ನನಗೆ ಸ್ವಲ್ಪ ಬೇಗ ಅನ್ನಿಸುತ್ತದೆ. ಒಂದು ಮಾತು ಕೇಳುತ್ತೇನೆ: ಒಂದು ಪ್ರಿಂಟ್ ಆದ ಮೇಲೆ ಗಾಜಿನ ಮೇಲೆ ಉಳಿದ ಹಳೆಯ ಗೋಂದನ್ನು ಯಾವುದರಿಂದ ತೆಗೆಯುತ್ತೀರಿ?

ಪಾಂಡವಪುರ ಶಿವು · ಸೋಮವಾರ, ರಾತ್ರಿ 9:44

ಕೊಬ್ಬರಿ ಎಣ್ಣೆ. ಹಚ್ಚಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಕನ್ನಡಿಯಂತೆ ಆಗುತ್ತದೆ.

ಮದ್ದೂರು ವಡೆ · ಸೋಮವಾರ, ರಾತ್ರಿ 9:47

ತಲೆಗೂ ಅದೇ, ಬೆಡ್ಡಿಗೂ ಅದೇ.

ಸರಸ್ವತಿಪುರಂ ಸುಮಾ · ಸೋಮವಾರ, ರಾತ್ರಿ 10:20

ಗೋಂದು ತೆಗೆಯಲು ಕೊಬ್ಬರಿ ಎಣ್ಣೆ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಬಟ್ಟೆಯಲ್ಲಿ ಒರೆಸಿದ ಗಾಜು ಕನ್ನಡಿಯಂತೆ ಹೊಳೆಯುತ್ತದೆಯೇ ಹೊರತು ಅದರ ಮೇಲೆ ಎಣ್ಣೆಯ ಪೊರೆ ಇದ್ದೇ ಇರುತ್ತದೆ. ಅದರ ಮೇಲೆ ಟೇಪು ಹಾಕಿದರೆ ತಣ್ಣಗಿರುವಾಗ ಹಿಡಿದಂತೆ ಕಾಣುತ್ತದೆ, ಕಾದಾಗ ಬಿಡುತ್ತದೆ. ನಿಮ್ಮ ಮೊದಲ ಪ್ರಯತ್ನಕ್ಕಿಂತ ನಂತರದವು ಬೇಗ ಎದ್ದವೇ ಎಂದು ನೆನಪು ಮಾಡಿಕೊಳ್ಳಿ.

ಮುಂದಿನ ಸಲ ಹೀಗೆ ಮಾಡಿ. ಗಾಜನ್ನು ಬೆಡ್‌ನಿಂದ ತೆಗೆದು ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದಾಗ ನೀರು ಹಾಳೆಯಂತೆ ಹರಡಬೇಕು. ಹನಿ ಹನಿಯಾಗಿ ಒಡೆದು ಕೂತರೆ ಎಣ್ಣೆ ಇನ್ನೂ ಇದೆ. ಒಣಗಿದ ಮೇಲೆ ಗಾಜಿನ ಮುಖವನ್ನು ಬೆರಳಿನಿಂದ ಮುಟ್ಟಬೇಡಿ.

ಟೇಪನ್ನು ಎರಡಿಂಚಿನ ಬದಲು ಮೂರಿಂಚಿನದು ತನ್ನಿ, ಕೀಲುಗಳು ಕಡಿಮೆಯಾಗುತ್ತವೆ. ಪಟ್ಟಿಗಳು ಒಂದರ ಮೇಲೊಂದು ಏರಬಾರದು. ಏರಿದ ಕಡೆ ಟೇಪಿನಷ್ಟೇ ದಪ್ಪದ ಮೆಟ್ಟಿಲಾಗುತ್ತದೆ, ಅದು ಸುಮಾರು 0.05 ಮಿಲಿಮೀಟರ್. ಕೇಳಲು ಏನೂ ಅಲ್ಲ, ಮೊದಲ ಪದರಕ್ಕೆ ಅದೇ ದೊಡ್ಡದು. ಅಂಚಿಗೆ ಅಂಚು ತಾಗಿಸಿ. ಗಾಜಿನ ಎರಡೂ ತುದಿಯಲ್ಲಿ ಟೇಪನ್ನು ಕತ್ತರಿಸದೆ ಎರಡು ಬೆರಳಿನಷ್ಟು ಕೆಳಕ್ಕೆ ಮಡಿಚಿ ಗಾಜಿನ ಅಡಿಗೆ ಅಂಟಿಸಿ, ಅದರ ಮೇಲೆ ಕ್ಲಿಪ್ ಹಾಕಿ. ತುದಿಯಿಂದ ಸುಲಿಯಲು ಆಗ ದಾರಿಯೇ ಇರುವುದಿಲ್ಲ.

ಇನ್ನೊಂದು, ನಿಮ್ಮ ತುಂಡು ಉಂಗುರವಾದ್ದರಿಂದ ಹೇಳುತ್ತೇನೆ. ಟೇಪಿನ ಕೀಲು ಉಂಗುರದ ನಡುಮಧ್ಯದಲ್ಲಿ ಹಾದುಹೋಗಲಿ. ಆಗ ಉಂಗುರ ಕೀಲನ್ನು ಎರಡು ಕಡೆ ಮಾತ್ರ ನೇರವಾಗಿ ದಾಟುತ್ತದೆ. ಕೀಲು ಉಂಗುರದ ಅಂಚನ್ನು ಸವರಿಕೊಂಡು ಹೋದರೆ ಒಂದು ಸಣ್ಣ ಚೂರು ಮಾತ್ರ ಪಕ್ಕದ ಪಟ್ಟಿಯ ಅಂಚಿನ ಮೇಲೆ ಕೂರುತ್ತದೆ, ಆ ಅಂಚನ್ನು ಎತ್ತಿಯೇ ತೀರುತ್ತದೆ. ನಿಮ್ಮದು ಪ್ರತಿ ಸಲವೂ ಒಂದೇ ಬದಿ ಎದ್ದಿದ್ದರೆ ಅಲ್ಲಿ ಕೀಲು ಎಲ್ಲಿತ್ತು ನೋಡಿ.

ಟೇಪು ಹಾಕಿ ಬೆಡ್ಡನ್ನು 60ಕ್ಕೆ ಕಾಯಿಸಿ ಹತ್ತು ನಿಮಿಷ ಬಿಡಿ. ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಕಾಣಿಸುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಹೊರಕ್ಕೆ ತಳ್ಳಿ. ನಂತರ ಕಾಗದ ಇಟ್ಟು ನಾಜಲ್ ಎತ್ತರ ಸರಿಮಾಡಿ, ಟೇಪಿನ ಮೇಲೆಯೇ, ಗಾಜಿನ ಮೇಲಲ್ಲ. ನನ್ನ ಮಾರ್ಲಿನ್ ಪ್ರಿಂಟರಿನ ಆರಂಭದ ಸಾಲುಗಳು:

```
M107
M190 S60
G4 S600
M109 S235
```

ನಾಜಲ್ಲನ್ನು ಕೊನೆಗೆ ಕಾಯಿಸುವುದು ಬೇಕೆಂದೇ. ಪಿಪಿ ಕಾದು ಕೂತರೆ ಮೂಗು ಸೋರಿದಂತೆ ಸೋರುತ್ತದೆ.

ಮೊದಲ ಪದರದ ವೇಗ 10. ಬ್ರಿಮ್ 12 ಮಿಲಿಮೀಟರ್, ಉಂಗುರಕ್ಕೂ ಬ್ರಿಮ್ಮಿಗೂ ನಡುವೆ ಅಂತರ ಸೊನ್ನೆ. ಫ್ಯಾನ್ ಬೇಡ.

ಮದ್ದೂರು ವಡೆ · ಮಂಗಳವಾರ, ಬೆಳಿಗ್ಗೆ 8:10

ಸೆಕೆಂಡಿಗೆ 10 ಮಿಲಿಮೀಟರ್ ಎಂದರೆ ಆ ಬ್ರಿಮ್ ಸೇರಿ ಮೊದಲ ಪದರಕ್ಕೇ ಇಪ್ಪತ್ತು ನಿಮಿಷ ಬೇಕಲ್ಲ! ಲೆಕ್ಕ ಹಾಕಿದೆ. ನಿಧಾನವಾದರೆ ಅಂಟು ಹೆಚ್ಚುವುದು ಹೇಗೆ ಎಂದು ನನಗೆ ಅರ್ಥವಾಗಿಲ್ಲ.

ಸರಸ್ವತಿಪುರಂ ಸುಮಾ · ಮಂಗಳವಾರ, ಬೆಳಿಗ್ಗೆ 8:40

ಇಪ್ಪತ್ತು ನಿಮಿಷವೇ. ನಾನು ಅಷ್ಟರಲ್ಲಿ ತಿಂಡಿ ಮುಗಿಸುತ್ತೇನೆ.

ಬೆಸುಗೆಯಾಗಬೇಕಾದರೆ ಟೇಪಿನ ಮೇಲ್ಮೈಯೂ ಒಂದು ಕ್ಷಣ ಕರಗಬೇಕು. ಪಿಪಿ ಕರಗುವುದು 160ರ ಆಸುಪಾಸಿನಲ್ಲಿ, ಟೇಪು ಇರುವುದು 60ರಲ್ಲಿ. ಉಳಿದ ನೂರು ಡಿಗ್ರಿಯನ್ನು ಆ ಸಣ್ಣ ಸಾಲೇ ಕೊಡಬೇಕು. ನಾಜಲ್ ನಿಧಾನವಾಗಿ ಸಾಗಿದರೆ ಅದರ ಬಿಸಿ ಮೂತಿಯೂ ಆ ಜಾಗದ ಮೇಲೆ ಹೆಚ್ಚು ಹೊತ್ತು ಇರುತ್ತದೆ, ಸಾಲನ್ನು ಒತ್ತಿಯೂ ಹಿಡಿಯುತ್ತದೆ. ಜೊತೆಗೆ ತಿರುವುಗಳಲ್ಲಿ ಪಿಪಿಯ ಸಾಲು ರಬ್ಬರಿನಂತೆ ಒಳಕ್ಕೆ ಎಳೆಯುತ್ತದೆ. ಅಂಟುವ ಮೊದಲೇ ಎಳೆದರೆ ದುಂಡಗಿನ ತಿರುವು ಅಡ್ಡದಾರಿ ಹಿಡಿದು ನೇರವಾಗುತ್ತದೆ. ಎರಡನೆಯ ಪದರದಿಂದ ನಾನು 25ರಿಂದ 30ಕ್ಕೆ ಏರಿಸುತ್ತೇನೆ.

ಗಿರಣಿ ಗೋಪಾಲ · ಮಂಗಳವಾರ, ಮಧ್ಯಾಹ್ನ 1:15

ಜಾರುವ ಪ್ಲಾಸ್ಟಿಕ್ ಎಂದು ನೋಡಿ ಬಂದೆ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಹಿಟ್ಟಿನ ಗಿರಣಿ. ಜರಡಿಯ ಡೆಲ್ರಿನ್ ಗಿಯರ್ ಸವೆದಿದೆ, ಇಪ್ಪತ್ತೆರಡು ಹಲ್ಲು. ಡೆಲ್ರಿನ್ ಫಿಲಮೆಂಟ್ ಸಿಗುತ್ತದಂತೆ. ಈ ಟೇಪಿನ ಮೇಲೆ ಅದನ್ನೂ ಹಾಕಬಹುದೇ?

ಸರಸ್ವತಿಪುರಂ ಸುಮಾ · ಮಂಗಳವಾರ, ಮಧ್ಯಾಹ್ನ 2:00

ಗೋಪಾಲ ಅವರೇ, ಆಗುವುದಿಲ್ಲ. ಎರಡೂ ಜಾರುತ್ತವೆ ಎಂದ ಮಾತ್ರಕ್ಕೆ ಎರಡೂ ಒಂದಕ್ಕೊಂದು ಬೆಸೆಯುವುದಿಲ್ಲ. ಟೇಪು ಪಿಪಿಗೆ ಒದಗುವುದು ಅದೂ ಪಿಪಿ ಎಂಬ ಒಂದೇ ಕಾರಣಕ್ಕೆ. ಬಾಟಲಿ ಮುಚ್ಚಳದ ಎಚ್‌ಡಿಪಿಇ ನೋಡಲು ಪಿಪಿಯ ದಾಯಾದಿಯಂತಿದೆ, ಅದೂ ಈ ಟೇಪಿಗೆ ಸರಿಯಾಗಿ ಹಿಡಿಯುವುದಿಲ್ಲ. ಡೆಲ್ರಿನ್ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣು ಮೂಗು ಉರಿಯುವ ಅನಿಲ. ಮನೆಯೊಳಗೆ ಪ್ರಯೋಗ ಮಾಡಬೇಡಿ. ಡೆಲ್ರಿನ್ ಸರಳು ಕೊಂಡು ಲೇತ್ ಇರುವವರಲ್ಲಿ ಗಿಯರ್ ಕತ್ತರಿಸಿಕೊಳ್ಳಿ. ಹಲ್ಲೂ ಹೆಚ್ಚು ಕಾಲ ಬಾಳುತ್ತದೆ.

ಹೆಬ್ಬಾಳ ಮೋಲ್ಡರ್ · ಮಂಗಳವಾರ, ಸಂಜೆ 6:30

ಗೋಂದಿನ ವಿಷಯ ನಾನು ಯೋಚಿಸಿರಲಿಲ್ಲ, ಒಪ್ಪಿದೆ. ಶಿವು ಅವರ ಒಂದು ಪ್ರಿಂಟ್ ನನ್ನ ಲೆಕ್ಕದಲ್ಲಿ. ಆದರೆ ರಟ್ಟಿನ ಪೆಟ್ಟಿಗೆಯನ್ನು ಬಿಡಬೇಡಿ. ಫ್ಯಾನಿನ ಗಾಳಿಯೋ ಕಿಟಕಿಯ ಗಾಳಿಯೋ ಒಂದು ಬದಿಗೆ ಬೀಸಿದರೆ ಆ ಬದಿ ಮೊದಲು ಆರಿ ಎಳೆಯುತ್ತದೆ.

ಪಾಂಡವಪುರ ಶಿವು · ಗುರುವಾರ, ರಾತ್ರಿ 9:15

ಗಾಜು ತೊಳೆದೆ. ಮೊದಲ ಸಲ ತೊಳೆದಾಗ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿತು. ಮೂರನೆಯ ಸಲಕ್ಕೆ ಹಾಳೆಯಂತೆ ಹರಡಿತು. ಕೀಲಿನ ವಿಷಯವೂ ನಿಜ: ಹಳೆಯ ತುಂಡುಗಳಲ್ಲಿ ಮೂರು ಎದ್ದಿರುವುದು ಸರಿಯಾಗಿ ಪಟ್ಟಿಯ ಅಂಚು ಸವರಿಕೊಂಡು ಹೋಗಿರುವ ಕಡೆಯೇ.

ಮಾರುಕಟ್ಟೆಯಿಂದ ಮೂರಿಂಚಿನ ಪಾರದರ್ಶಕ ಟೇಪು ತಂದೆ. ಎಲ್ಲವನ್ನೂ ಹೇಳಿದಂತೆಯೇ ಮಾಡಿದೆ. ಈಗ ಹೊಸ ತೊಂದರೆ. ಟೇಪು ಗಾಜಿನ ಮೇಲೆ ಬಂಡೆಯಂತೆ ಕೂತಿದೆ. ಉಂಗುರ ಟೇಪನ್ನು ಬಿಟ್ಟು ಎದ್ದಿತು! ತಳ ಶುಚಿಯಾಗಿದೆ, ಒಂದು ಚೂರು ಟೇಪೂ ಇಲ್ಲ. ಸುಮಾರು ಕಾಲು ಭಾಗ ಹೀಗೆ ಬಿಟ್ಟಿದೆ, ಉಳಿದದ್ದು ಹಿಡಿದಿದೆ.

ಸರಸ್ವತಿಪುರಂ ಸುಮಾ · ಗುರುವಾರ, ರಾತ್ರಿ 10:00

ಒಳ್ಳೆಯದಾಯಿತು. ವ್ಯಂಗ್ಯವಲ್ಲ, ಗೋಂದು ಗೆದ್ದಿದೆ, ಈಗ ಬೆಸುಗೆಯೊಂದನ್ನು ನೋಡಿದರೆ ಸಾಕು. ಎರಡು ಪ್ರಶ್ನೆ. ಬಿಟ್ಟ ಕಡೆಯ ತಳದಲ್ಲಿ ಸಾಲುಗಳು ಚಪ್ಪಟೆಯಾಗಿ ಒಂದಕ್ಕೊಂದು ಸೇರಿವೆಯೋ, ಶ್ಯಾವಿಗೆಯಂತೆ ದುಂಡಗೆ ಬೇರೆ ಬೇರೆಯಾಗಿವೆಯೋ? ಇನ್ನೊಂದು, ಆ ಹೊಸ ಟೇಪಿನ ಹೊಳೆಯುವ ಬದಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಗೆರೆಯಾಗಿಯೇ ನಿಲ್ಲುತ್ತದೆಯೋ, ಒಡೆದು ಚುಕ್ಕೆ ಚುಕ್ಕೆಯಾಗುತ್ತದೆಯೋ?

ಪಾಂಡವಪುರ ಶಿವು · ಗುರುವಾರ, ರಾತ್ರಿ 10:25

ಎರಡೂ ಕೆಟ್ಟ ಉತ್ತರಗಳೇ. ಬಿಟ್ಟ ಕಡೆ ಶ್ಯಾವಿಗೆ. ಮಾರ್ಕರ್ ಗೆರೆ ಮುತ್ತಿನ ಸರದಂತೆ ಒಡೆಯಿತು. ಹಳೆಯ ಕಂದು ಟೇಪಿನ ಮೇಲೆ ಎಳೆದು ನೋಡಿದೆ, ಅದರಲ್ಲಿ ಗೆರೆ ನಿಂತಿತು. ಟೇಪಿಗೆ ಪೂರ್ತಿ ಬೆಸೆದುಬಿಟ್ಟೀತು ಎಂಬ ಭಯದಿಂದ ನಾನು ನಾಜಲ್ಲನ್ನು ಒಂದು ಚೂರು ಮೇಲೆತ್ತಿದ್ದೂ ಹೌದು.

ಸರಸ್ವತಿಪುರಂ ಸುಮಾ · ಗುರುವಾರ, ರಾತ್ರಿ 10:50

ಟೇಪು ಸುರುಳಿಯಲ್ಲಿ ತನ್ನ ಬೆನ್ನಿಗೆ ತಾನೇ ಅಂಟಿಕೊಂಡಿರುತ್ತದಲ್ಲ. ಬಿಚ್ಚುವಾಗ ಸಲೀಸಾಗಿ ಬರಲಿ ಎಂದು ಕೆಲವು ಟೇಪುಗಳ ಬೆನ್ನಿಗೆ ಜಾರುವ ಲೇಪ ಕೊಟ್ಟಿರುತ್ತಾರೆ. ಕರಗಿದ ಪಿಪಿಗೂ ಹಾಳೆಗೂ ನಡುವೆ ಅದೇ ಅಡ್ಡ ಬರುವುದು. ಬಿಚ್ಚುವಾಗ ಕಿರ್ರೆಂದು ಕಿವಿಗಡಚಿಕ್ಕುವ ಅಗ್ಗದ ಟೇಪು ಎಷ್ಟೋ ಸಲ ನಮ್ಮ ಕೆಲಸಕ್ಕೆ ಹೆಚ್ಚು ಒಳ್ಳೆಯದು, ಇದು ನನ್ನ ಅನುಭವವಷ್ಟೇ.

ಗಾಜಿಗೆ ಅಂಟಿಸಿದ ಮೇಲೆ 400 ನಂಬರಿನ ಉಪ್ಪುಕಾಗದದಿಂದ ಹೊಳಪು ಮಂಕಾಗುವಷ್ಟು ಮಾತ್ರ ಹಗುರವಾಗಿ ಉಜ್ಜಿ. ಒತ್ತಿದರೆ ಹಾಳೆಯೇ ಹರಿಯುತ್ತದೆ. ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ನಾಜಲ್ಲನ್ನು ಕಾಗದದ ಅಳತೆಗೇ ಮರಳಿ ಇಳಿಸಿ, ಮೊದಲ ಪದರದ ದಪ್ಪ 0.25 ಇರಲಿ.

ಬ್ರಿಮ್ ಎರಡು ಸುತ್ತು ಹಾಕಿದೊಡನೆ ಯಂತ್ರ ನಿಲ್ಲಿಸಿ, ಹೊರಗಿನ ಸಾಲಿನ ತುದಿಯನ್ನು ಚಿಮಟದಿಂದ ಎತ್ತಿ ನೋಡಿ. ದಾರದಂತೆ ಸರ್ರನೆ ಬಂದರೆ ಬೆಸೆದಿಲ್ಲ, ಮುಂದುವರಿಸಿ ಫಿಲಮೆಂಟ್ ಹಾಳುಮಾಡಬೇಡಿ. ಸಾಲಿನ ಜೊತೆ ಟೇಪೂ ಗುಡಾರದಂತೆ ಎದ್ದರೆ ಬೆಸುಗೆ ಆಗಿದೆ. ಸಾಲಿನ ಕೆಳಗೆ ಟೇಪು ಸುಕ್ಕುಗಟ್ಟಿ ನೆರಿಗೆ ಬಿದ್ದಿದ್ದರೆ ಅತಿಯಾಯಿತು: ನಾಜಲ್ 0.03ರಷ್ಟು ಮೇಲೆ, ಇಲ್ಲವೇ ಹತ್ತು ಡಿಗ್ರಿ ಕೆಳಗೆ.

ಹಿನ್ನೀರಿನ ಹುಡುಗ · ಶುಕ್ರವಾರ, ಬೆಳಿಗ್ಗೆ 7:50

ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಲೇಜಿನ ಪ್ರಿಂಟರಿನಲ್ಲಿ ಪಿಪಿ ಹಾಕುವಾಗ ಐದನೆಯ ಪದರದ ನಂತರ ಬೆಡ್ಡನ್ನು 60ರಿಂದ 40ಕ್ಕೆ ಇಳಿಸುತ್ತೇನೆ. ಬೆಸುಗೆಗೆ ಬಿಸಿ ಬೇಕಾದದ್ದು ಮೊದಲ ಪದರಕ್ಕೆ ಮಾತ್ರ. ಆಮೇಲೆ ಗೋಂದು ತಣ್ಣಗಿದ್ದಷ್ಟೂ ಗಟ್ಟಿ. ಸುಮಾ ಮೇಡಂ ಕೊನೆಯವರೆಗೂ 60 ಇಡುವುದು ಏಕೆ?

ಸರಸ್ವತಿಪುರಂ ಸುಮಾ · ಶುಕ್ರವಾರ, ಬೆಳಿಗ್ಗೆ 8:30

ನಿಮ್ಮ ತರ್ಕದಲ್ಲಿ ತಪ್ಪಿಲ್ಲ. ನನ್ನ ಹೆದರಿಕೆ ಬೇರೆ. ಬೆಡ್ ತಣಿದಂತೆ ತುಂಡಿನ ತಳವೂ ತಣಿದು ಇನ್ನಷ್ಟು ಕುಗ್ಗುತ್ತದೆ, ಗೋಂದಿನ ಮೇಲೆ ಹೊರೆ ಆಗಲೇ ಬೀಳುತ್ತದೆ. ನನ್ನ ಟೆಸ್ಟ್‌ಟ್ಯೂಬ್ ಸ್ಟ್ಯಾಂಡುಗಳು ಎತ್ತರವಾದವು, ನಾಲ್ಕೈದು ಗಂಟೆಯ ಕೆಲಸ. ಅಷ್ಟು ಹೊತ್ತು ಎಳೆತ ಕಡಿಮೆ ಇರಲಿ ಎಂದು 60 ಬಿಟ್ಟಿಲ್ಲ.

ಹಿನ್ನೀರಿನ ಹುಡುಗ · ಶುಕ್ರವಾರ, ಬೆಳಿಗ್ಗೆ 8:41

ನನ್ನವು ಒಂದು ಗಂಟೆಯೊಳಗೆ ಮುಗಿಯುವ ಚಪ್ಪಟೆ ತುಂಡುಗಳು. ಹಾಗಾಗಿ ನನಗೆ ಸರಿಹೋಗಿರಬಹುದು. ಆದರೂ ಒಂದೇ ತುಂಡನ್ನು ಎರಡೂ ರೀತಿ ಹಾಕಿ ನೋಡಿದವರು ಯಾರಾದರೂ ಹೇಳಲಿ.

ಪಾಂಡವಪುರ ಶಿವು · ಭಾನುವಾರ, ಸಂಜೆ 5:30

ಉಂಗುರ ಬಂತು. ಪೂರ್ತಿ 12 ಮಿಲಿಮೀಟರ್, ಮೇಜಿನ ಮೇಲಿಟ್ಟರೆ ಎಲ್ಲಿಯೂ ಅಲುಗುವುದಿಲ್ಲ.

ಶನಿವಾರ ಉಜ್ಜಿ ಒರೆಸಿದ ಟೇಪಿನ ಮೇಲೆ ಶುರು ಮಾಡಿದೆ. ಚಿಮಟದ ಪರೀಕ್ಷೆಯಲ್ಲಿ ಟೇಪು ಗುಡಾರದಂತೆ ಎದ್ದಿತು, ನನಗೆ ಸಮಾಧಾನವಾಯಿತು. ಎಂಟು ಮಿಲಿಮೀಟರ್ ಆದಾಗ ಕರೆಂಟ್ ಹೋಯಿತು. ಹದಿನೈದು ನಿಮಿಷಕ್ಕೆ ಬಂತು, ಅಷ್ಟರಲ್ಲಿ ಬೆಡ್ ತಣ್ಣಗಾಗಿ ಒಂದು ಬದಿ ಟಪ್ಪೆಂದು ಬಿಟ್ಟಿತ್ತು. ಹಿನ್ನೀರಿನ ಹುಡುಗನ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ಗೊತ್ತಿಲ್ಲ, ಏಕೆಂದರೆ ಇಂದು ಅವರಂತೆ 40ಕ್ಕೆ ಇಳಿಸಿ ಒಂದು ಹಾಕಿದೆ, ಮೇಡಂ ಅವರಂತೆ 60 ಇಟ್ಟು ಒಂದು ಹಾಕಿದೆ. ಎರಡೂ ಚೆನ್ನಾಗಿಯೇ ಬಂದವು.

ಮುಗಿದ ಮೇಲೆ ರಟ್ಟಿನ ಪೆಟ್ಟಿಗೆ ತೆಗೆಯದೆ ಒಂದು ಗಂಟೆ ಬಿಟ್ಟೆ. ಟೇಪನ್ನು ಉಂಗುರದ ಸಮೇತ ಗಾಜಿನಿಂದ ಎತ್ತಿ, ಬ್ರಿಮ್ ಕತ್ತರಿಸಿ, ಟೇಪನ್ನು ಮೂಲೆಯಿಂದ ಸುಲಿದೆ. ಮುಕ್ಕಾಲು ಭಾಗ ಬಾಳೆಹಣ್ಣಿನ ಸಿಪ್ಪೆಯಂತೆ ಬಂತು. ಉಳಿದದ್ದನ್ನು ಬ್ಲೇಡಿನಿಂದ ಕೆರೆಯಬೇಕಾಯಿತು.

ಒಂದು ಸಣ್ಣ ಲೆಕ್ಕ ತಪ್ಪಿತು. 92 ಇರಬೇಕಾದದ್ದು 90.6 ಬಂದಿದೆ. ಟ್ಯಾಂಕಿನ ಬಾಯಲ್ಲಿ ಲೊಡಲೊಡ ಎನ್ನುತ್ತದೆ.

ಹೆಬ್ಬಾಳ ಮೋಲ್ಡರ್ · ಭಾನುವಾರ, ಸಂಜೆ 6:05

ಅದು ನನ್ನ ಕ್ಷೇತ್ರ. 92ರಲ್ಲಿ 1.4 ಕಡಿಮೆ, ಅಂದರೆ ನೂರಕ್ಕೆ ಒಂದೂವರೆ ಕುಗ್ಗಿದೆ. ಪಿಪಿಗೆ ಸಹಜ. ಸ್ಲೈಸರಿನಲ್ಲಿ ಉದ್ದ ಅಗಲ ಎರಡನ್ನೂ ಶೇಕಡಾ 101.5ಕ್ಕೆ ಹಿಗ್ಗಿಸಿ. ಎತ್ತರವನ್ನು ಮುಟ್ಟಬೇಡಿ, ಮೊದಲು ಅಳೆಯಿರಿ. ಅಳೆಯುವುದನ್ನೂ ಮಾರನೆಯ ದಿನ ಮಾಡಿ. ಪಿಪಿ ಯಂತ್ರದಿಂದ ಬಂದ ಮೇಲೂ ಸ್ವಲ್ಪ ಹೊತ್ತು ಕುಗ್ಗುತ್ತಲೇ ಇರುತ್ತದೆ.

ಮದ್ದೂರು ವಡೆ · ಭಾನುವಾರ, ರಾತ್ರಿ 8:20

ಇಷ್ಟೆಲ್ಲ ಓದಿ ನನಗೂ ಆಸೆಯಾಯಿತು. ಟೇಪಿನ ರಗಳೆಯೇ ಬೇಡ ಎಂದು ಅಡುಗೆಮನೆಯ ಪ್ಲಾಸ್ಟಿಕ್ ತರಕಾರಿ ಮಣೆಯನ್ನು ಬೆಡ್ ಮೇಲೆ ಕ್ಲಿಪ್ ಹಾಕಿ ಕೂರಿಸಿದೆ. ಹಿಂದೆ ತ್ರಿಕೋನದಲ್ಲಿ 5 ಎಂದಿತ್ತು, ಅಂದರೆ ಪಿಪಿಯೇ. ಸಣ್ಣ ಡಬ್ಬಿಯ ಮುಚ್ಚಳ ಹಾಕಿದೆ. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಈಗ ಮುಚ್ಚಳವೂ ಮಣೆಯೂ ಒಂದೇ. ಉಳಿ ಹಾಕಿ ಎಬ್ಬಿಸಲು ಹೋಗಿ ಮುಚ್ಚಳ ಸೀಳಿತು. ಮನೆಯಲ್ಲಿ ಮಣೆ ಕೇಳುತ್ತಿದ್ದಾರೆ.

ಸರಸ್ವತಿಪುರಂ ಸುಮಾ · ಭಾನುವಾರ, ರಾತ್ರಿ 8:45

ಹೊಸ ಮಣೆ ಕೊಡಿಸಿ. ದಪ್ಪ ಮಣೆಯಾದರೆ ಕೆಳಗಿನ ಬಿಸಿ ಮೇಲಕ್ಕೆ ಬರುವುದಿಲ್ಲ, ಆದ್ದರಿಂದ ಬೆಡ್ ಕಾಯಿಸುವುದು ವ್ಯರ್ಥ. ಹಿಡಿತವನ್ನು ನಾಜಲ್ಲಿನ ಎತ್ತರದಿಂದಲೇ ತಗ್ಗಿಸಬೇಕು. ಟೇಪಿನಲ್ಲಿ ಬೆಸುಗೆ ಅತಿಯಾದರೆ ಹೋಗುವುದು ಮೂರಿಂಚು ಟೇಪು, ಅದಕ್ಕೇ ನಾನು ಟೇಪು ಬಿಟ್ಟಿಲ್ಲ.

ಪಾಂಡವಪುರ ಶಿವು · ಮಂಗಳವಾರ, ರಾತ್ರಿ 9:00

101.5ಕ್ಕೆ ಹಿಗ್ಗಿಸಿ ಹಾಕಿದ ಉಂಗುರ ಇಂದು ಬೆಳಿಗ್ಗೆ ಅಳೆದಾಗ 91.9. ಜಾಲರಿ ಕೂರಿಸಿ ನೀರು ತುಂಬಿ ಕೊಟ್ಟು ಕಳುಹಿಸಿದೆ. ಗಿರಾಕಿ ಈಗ ಟ್ಯಾಂಕಿನ ದೊಡ್ಡ ಮುಚ್ಚಳವನ್ನೂ ಕೇಳುತ್ತಿದ್ದಾರೆ, 160 ಮಿಲಿಮೀಟರ್ ಅಗಲ, ಪೂರ್ತಿ ಚಪ್ಪಟೆ. ಟೇಪು ತಡೆಯುತ್ತದೆಯೇ?

ಸರಸ್ವತಿಪುರಂ ಸುಮಾ · ಮಂಗಳವಾರ, ರಾತ್ರಿ 9:35

ಅಷ್ಟು ಅಗಲದ ಚಪ್ಪಟೆ ತುಂಡು ನನ್ನ ಬಳಿ ಟೇಪಿನ ಮೇಲೆ ಒಮ್ಮೆಯೂ ನೇರವಾಗಿ ಬಂದಿಲ್ಲ. ಒಳತುಂಬು ಕಡಿಮೆ ಮಾಡಿದೆ, ಬ್ರಿಮ್ 20ಕ್ಕೆ ಏರಿಸಿದೆ, ಆದರೂ ಅಂಚು ಎರಡು ಮಿಲಿಮೀಟರ್ ಎದ್ದಿತ್ತು. ಮುಂಗಡ ತೆಗೆದುಕೊಳ್ಳಬೇಡಿ.

ಹಿನ್ನೀರಿನ ಹುಡುಗ · ಮಂಗಳವಾರ, ರಾತ್ರಿ 9:52

ನಾಲ್ಕು ಭಾಗ ಮಾಡಿ ಹಾಕಿ, ಆಮೇಲೆ ಅದೇ ಫಿಲಮೆಂಟನ್ನು ಬೆಸುಗೆ ಕಡ್ಡಿಯಂತೆ ಬಳಸಿ ಬಿಸಿಗಾಳಿಯ ಗನ್ನಿನಿಂದ ಕೂಡಿಸಬಹುದೇ? ನೀರು ಸೋರದಂತೆ ಯಾರಾದರೂ ಮಾಡಿದ್ದೀರಾ?